ನಲವತ್ತೊಂದು ಎಳೆ ಚೆಂಡುಹೂವು: ಡೆಕೋರೇಟರ್‌ಗೆ ಕಳಿಸಿದ ಈಮೇಲ್

ಹುಬ್ಬಳ್ಳಿಯಲ್ಲಿ ಹೋದ ಸಲದ ರಿಸೆಪ್ಶನ್‌ಗೆ ಫೋನಿನಲ್ಲೇ ಮಾತಾಗಿತ್ತು. 'ಸ್ಟೇಜ್ ಹಿಂದೆ ಪೂರ್ತಿ ಚೆಂಡುಹೂವು, ಅರವತ್ತು ಮಾರು' ಅಂದಿದ್ದೆ. ಹೂವು ಬಂತು, ಆದರೆ ಎಳೆಗಳ ನಡುವೆ ಒಂದೊಂದು ಅಡಿ ಖಾಲಿ. ಹಿಂದಿನ ಬಟ್ಟೆಯೇ ಜಾಸ್ತಿ ಕಾಣುತ್ತಿತ್ತು. ಡೆಕೋರೇಟರ್ ತಪ್ಪು ಅಂತಲೂ ಹೇಳುವಂತಿರಲಿಲ್ಲ. ಮಾರು ಅಂದರೆ ಕಟ್ಟುವವರ ಕೈ ಅಳತೆ, ಅಲ್ವಾ?

ಈ ಸಲ ಅಡಿ ಲೆಕ್ಕದಲ್ಲಿ ಈಮೇಲ್ ಬರೆದೆ. ಹಿಂಬದಿ 20 ಅಡಿ ಅಗಲ, 10 ಅಡಿ ಎತ್ತರ. ಅರ್ಧ ಅಡಿಗೊಂದು ಎಳೆ ಅಂದರೆ 40 ಸಂದು. ಎರಡೂ ತುದಿ ಸೇರಿಸಿದರೆ 41 ಎಳೆ, ಒಟ್ಟು 410 ಅಡಿ. ಮೊದಲು ನಾನು 40 ಅಂತಲೇ ಬರೆದು ತಿದ್ದಿದೆ. ಮೇಲ್‌ನ ಮುಖ್ಯ ಭಾಗ ಹೀಗಿತ್ತು:

'ನಮಸ್ಕಾರ ಅಣ್ಣಾರ. ಚೆಂಡುಹೂವಿನ ಎಳೆ 41, ಒಂದೊಂದು 10 ಅಡಿ, ನಿಜವಾದ ಹೂವು. ಎರಡು ಆಸನದ ಸೋಫಾ 1. ಹೂಕುಂಡ ಸ್ಟ್ಯಾಂಡ್ 4, ಪ್ಲಾಸ್ಟಿಕ್ ಹೂವು ನಡೆಯುತ್ತದೆ. ಫ್ರೇಮ್, ಬಟ್ಟೆ 12ಕ್ಕೆ ಶುರು. ಲೈಟ್ 2ಕ್ಕೆ. ಹೂವು 3ಕ್ಕೆ. 5ಕ್ಕೆ ಸ್ಟೇಜ್ ನಮ್ಮ ಕೈಗೆ ಬರಬೇಕು. ಬಿಚ್ಚುವುದು ರಾತ್ರಿ 11ರ ಮೇಲೆ.'

ಹೂವನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಮೊದಲೇ ಕಟ್ಟಿದರೆ ಲೈಟಿನವರ ಏಣಿ ತಾಗಿ ಎಸಳು ಉದುರುತ್ತವೆ, ಬಿಸಿಗೆ ಬಾಡುತ್ತವೆ ಕೂಡ.

ಡೆಕೋರೇಟರ್ ಸುಮ್ನೆ 'ಓಕೆ' ಅನ್ನಲಿಲ್ಲ. 'ಹಾಲ್‌ನಲ್ಲಿ ಮಧ್ಯಾಹ್ನದ ಊಟ ಇದೆ, 1ರ ಮೊದಲು ಒಳಗೆ ಬಿಡಲ್ಲ' ಅಂತ ಉತ್ತರ ಬಂತು. ಹೊರಗೇ ಫ್ರೇಮ್ ಜೋಡಿಸಿ ತರಲು ಒಪ್ಪಿದರು. ಐದಕ್ಕೆ ಐದು ನಿಮಿಷ ಇರುವಾಗ ಎಳೆ ಎಣಿಸಿದೆ. ನಲವತ್ತೊಂದು.