ವಾರದ ಪಟ್ಟಿಯಲ್ಲಿ ತರಕಾರಿಯ ಹೆಸರು ಬೇಡ

ಹಾಸ್ಟೆಲ್ ಮೆಸ್‌ನ ತಿಂಗಳ ಶುಲ್ಕ ನಿಗದಿಯಾಗಿರುವಾಗ, ವಾರದ ಪಟ್ಟಿಯಲ್ಲಿ ‘ಮಂಗಳವಾರ ಹುರುಳಿಕಾಯಿ ಪಲ್ಯ’ ಎನ್ನುವ ಬದಲು ‘ಮಂಗಳವಾರ ಪಲ್ಯ’ ಎಂದಷ್ಟೇ ಬರೆದು, ಯಾವ ತರಕಾರಿ ಎಂಬುದನ್ನು ಕಲಾಸಿಪಾಳ್ಯದ ಮಾರುಕಟ್ಟೆಯ ದರ ನೋಡಿ ತೀರ್ಮಾನಿಸುವುದು ಒಳ್ಳೆಯದು. ನೂರು ಜನರ ಪಲ್ಯಕ್ಕೆ ಸುಮಾರು 8 ಕಿಲೋ ಹುರುಳಿಕಾಯಿ ಬೇಕು. ಕಿಲೋಗೆ 100 ರೂಪಾಯಿ ಇದ್ದ ದಿನ ಅದಕ್ಕೇ 800 ರೂಪಾಯಿ ಆಗುತ್ತದೆ. ಅದೇ ದಿನ ಎಲೆಕೋಸು 30 ರೂಪಾಯಿಗೆ ಸಿಕ್ಕರೆ, ದಂಟು ಮತ್ತು ಹೊರ ಎಲೆ ಕಳೆದುಹೋಗುವುದನ್ನು ಲೆಕ್ಕ ಹಿಡಿದು 10 ಕಿಲೋ ತಂದರೂ 300ಕ್ಕೆ ಮುಗಿದು, ತಲೆಗೆ 5 ರೂಪಾಯಿ ಉಳಿಯುತ್ತದೆ. ಉಳಿದ ಹಣವನ್ನು ಸಾಂಬಾರಿನ ಬೇಳೆಗೇ ಮೀಸಲಿಡಬೇಕು, ಏಕೆಂದರೆ ಬೇಳೆ ಕಡಿಮೆಯಾದರೆ ತಟ್ಟೆಯಲ್ಲಿ ಅನ್ನದ ಸುತ್ತ ನೀರು ಬೇರೆಯಾಗಿ ನಿಲ್ಲುತ್ತದೆ, ಮಕ್ಕಳು ಅನ್ನವನ್ನೂ ಚೆಲ್ಲುತ್ತಾರೆ. ಎಷ್ಟೇ ಅಗ್ಗವಾದರೂ ಒಂದೇ ತರಕಾರಿಯನ್ನು ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಡಿಸಬೇಡಿ.