ಗಾಳಿ ಬುಡದಿಂದ ತುದಿಗೆ: ದಟ್ಟ ಕೂದಲೊಂದು ಕೊನೆಗೂ ಮಾತು ಕೇಳಿದ್ದು

ತುಮಕೂರಿನ ಎಸ್.ಎಸ್.ಪುರಂನಲ್ಲಿರುವ ನನ್ನ ಪಾರ್ಲರಿಗೆ ಬ್ಯಾಂಕ್ ಉದ್ಯೋಗಿಯೊಬ್ಬರು ಬರುತ್ತಾರೆ. ಅವರ ಕೂದಲು ಸೊಂಟದವರೆಗೆ ಉದ್ದವಿದೆ, ಒಂದು ಮುಷ್ಟಿಗೆ ಸಿಗದಷ್ಟು ದಟ್ಟವಿದೆ, ಸಾಲದೆಂಬಂತೆ ಅಲೆ ಅಲೆಯಾಗಿಯೂ ಇದೆ. ನಾನು ಒಣಗಿಸಿ ನುಣುಪು ಮಾಡಿ ಕಳುಹಿಸಿದರೆ ಟೌನ್‌ಹಾಲ್ ದಾಟುವಷ್ಟರಲ್ಲಿ ಮತ್ತೆ ತೆಂಗಿನ ನಾರು. ಎರಡು ಸಲ ನಾಚಿಕೆಯಿಂದ ಅವರ ದುಡ್ಡನ್ನು ಹಿಂದಿರುಗಿಸಿದ್ದೇನೆ. ಪಕ್ಕದ ಬೀದಿಯ ಪಾರ್ಲರಿನ ಅಕ್ಕ ಅಂತೂ, 'ಈ ಕೂದಲಿಗೆ ಇಸ್ತ್ರಿ ಹಾಕದೆ ಗತಿಯಿಲ್ಲ, ಡ್ರೈಯರ್ ಹಿಡಿದು ಕೈ ನೋಯಿಸಿಕೊಳ್ಳಬೇಡ' ಎಂದು ನಕ್ಕಿದ್ದರು.

ನನ್ನ ಮೊದಲ ತಪ್ಪು ಶಾಖದ ಮೇಲಿನ ನಂಬಿಕೆ. ಸುಮಾರು ನಾಲ್ಕೂವರೆ ಸಾವಿರ ಕೊಟ್ಟು 2000 ವ್ಯಾಟ್‌ನ ಡ್ರೈಯರ್ ತಂದೆ. ಕರೆಂಟು ಹೋದಾಗ ಇದಕ್ಕೆ ನನ್ನ ಯುಪಿಎಸ್ ಸಾಲದು ಎಂಬುದು ತಂದ ಮೇಲೆ ತಿಳಿಯಿತು. ಅದನ್ನು ಪೂರ್ತಿ ಬಿಸಿಯಲ್ಲಿಟ್ಟು ಒದ್ದೆ ಕೂದಲಿಗೆ ಹಿಡಿದೆ. ಮೇಲ್ಪದರ ಬೇಗ ಒಣಗಿತು, ಒಳಗೆ ತೇವ ಹಾಗೆಯೇ ಉಳಿಯಿತು. ಆ ತೇವವೇ ಅರ್ಧ ಗಂಟೆಯಲ್ಲಿ ಕೂದಲನ್ನು ಹಳೆಯ ಆಕಾರಕ್ಕೆ ಎಳೆದು ಉಬ್ಬಿಸುತ್ತಿತ್ತು. ಮೂರನೆಯ ಭೇಟಿಗೆ ತುದಿಗಳು ಸೀಳಿದ್ದವು.

ಎರಡನೆಯ ತಪ್ಪಿಗೆ ನಾನು ಇನ್ನೂ ತಲೆ ಚಚ್ಚಿಕೊಳ್ಳುತ್ತೇನೆ. ಡ್ರೈಯರ್ ಜೊತೆ ಬಂದಿದ್ದ, ಗಾಳಿಯನ್ನು ಒಂದೇ ದಿಕ್ಕಿಗೆ ಹಿಡಿದು ಬಿಡುವ ಚಪ್ಪಟೆ ನಾಝಲ್ ನಾಲ್ಕು ತಿಂಗಳು ಡ್ರಾಯರಿನಲ್ಲಿ ಪಿನ್ನುಗಳ ಜೊತೆ ಮಲಗಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಆ ಬ್ಯಾಂಕ್ ಉದ್ಯೋಗಿಯನ್ನೇ ಕರೆಸಿ, ಪುಕ್ಕಟೆಯಾಗಿ, ಒಂದೇ ತಲೆಯ ಮೇಲೆ ಎರಡು ರೀತಿ ಮಾಡಿದೆ. ಎಡಗಡೆ ಹಳೆಯ ಕ್ರಮ: ನಾಝಲ್ ಇಲ್ಲದೆ ಅಡ್ಡಗಾಳಿ. ಬಲಗಡೆ ನಾಝಲ್ ಹಾಕಿ, ಗಾಳಿ ಸದಾ ಬುಡದಿಂದ ತುದಿಯ ಕಡೆಗೇ ಹೋಗುವಂತೆ ಹಿಡಿದೆ. ಮೀನಿನ ಮೈಮೇಲೆ ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿದರೆ ಹೇಗೆ ಹುರುಪೆ ಏಳುತ್ತದೋ ಕೂದಲಿನ ಮೇಲಿನ ಸಣ್ಣ ಪದರಗಳೂ ಹಾಗೆಯೇ. ಎಡಗಡೆಯ ಒಂದು ಎಳೆ ಮಂಕಾಗಿತ್ತು, ಬಲಗಡೆಯದು ಟ್ಯೂಬ್‌ಲೈಟಿನ ಬೆಳಕನ್ನು ಗೆರೆಯಾಗಿ ತೋರಿಸುತ್ತಿತ್ತು.

ಕೂದಲನ್ನು ನೂರಕ್ಕೆ 80 ಭಾಗ ಒಣಗಿಸಿದ ಮೇಲೆ ಬ್ರಷ್ ಹಿಡಿಯಬೇಕೆಂದು ನಮಗೆಲ್ಲ ಕಲಿಸಿದ್ದಾರೆ. ನೇರ ಕೂದಲಿಗೆ ಅದು ಸರಿ. ಇವರದು ಅಷ್ಟು ಒಣಗುವಷ್ಟರಲ್ಲಿ ತನ್ನ ಅಲೆಯನ್ನು ತಾನೇ ಹೂಡಿಕೊಂಡಿರುತ್ತದೆ. ಅದಕ್ಕೆ ನಾನು 60ರ ಆಸುಪಾಸಿನಲ್ಲೇ ನಿಲ್ಲಿಸುತ್ತೇನೆ: ನೀರು ತೊಟ್ಟಿಕ್ಕಬಾರದು, ಆದರೆ ಮುಟ್ಟಿದರೆ ತಣ್ಣಗಿರಬೇಕು. ಆಮೇಲೆ ಕತ್ತಿನ ಹಿಂಭಾಗದಿಂದ ಶುರು. ಒಂದು ಪಾಲು ಬ್ರಷ್‌ಗಿಂತ ಅಗಲವಿರಬಾರದು, ಕೂದಲಿನ ಹಿಂದೆ ಬ್ರಷ್ಷಿನ ಹಲ್ಲುಗಳು ಕಾಣುವಷ್ಟು ತೆಳ್ಳಗಿರಬೇಕು. ಈ ತಲೆಯಲ್ಲಿ ನಾನು ಸುಮಾರು 24 ಪಾಲು ತೆಗೆಯುತ್ತೇನೆ. ಬ್ರಷ್ ಬಿಗಿಯಾಗಿ ಎಳೆಯುತ್ತ ಮುಂದೆ, ಅದರ ಹಿಂದೆಯೇ ಒಂದೆರಡು ಬೆರಳಿನಷ್ಟು ದೂರದಲ್ಲಿ, ಬಾಯಿ ಕೆಳಮುಖವಾಗಿ ನಾಝಲ್. ವೇಗ ಜೋರು, ಬಿಸಿ ಮಧ್ಯಮ. ಹಣೆಯಂಚಿನ ಪುಟ್ಟ ಕೂದಲಿಗೆ ಮಾತ್ರ ಕಡಿಮೆ ಬಿಸಿ.

ಒಣಗಿತೋ ಇಲ್ಲವೋ ಎಂಬುದರಲ್ಲಿ ಬಿಸಿ ಕೂದಲು ಮೋಸ ಮಾಡುತ್ತದೆ. ಕೈಗೆ ಒಣಗಿದಂತೆಯೇ ಅನಿಸುತ್ತದೆ. ನಾನು ಪ್ರತಿ ಪಾಲಿಗೂ ತಣ್ಣನೆ ಗಾಳಿಯ ಗುಂಡಿ ಒತ್ತಿ ಹತ್ತು ಹದಿನೈದು ಸೆಕೆಂಡು ಬ್ರಷ್ ಮೇಲೆಯೇ ಆರಿಸಿ, ನಂತರ ಬುಡದಲ್ಲಿ ಎರಡು ಬೆರಳಿನ ನಡುವೆ ಹಿಡಿದು ನೋಡುತ್ತೇನೆ. ಒದ್ದೆ ಬಟ್ಟೆಯ ತಂಪು ತಟ್ಟಿದರೆ ಆ ಪಾಲಿಗೆ ಇನ್ನೊಂದು ಸುತ್ತು. ಕಿವಿಯ ಹಿಂದೆ ತೇವ ಅಡಗುವುದು ಜಾಸ್ತಿ. ಆಕಾರ ನಿಲ್ಲುವುದು ಈ ತಣ್ಣನೆ ಗಾಳಿಯಲ್ಲೇ, ಬಿಸಿಯಲ್ಲಲ್ಲ.

ನಡುವೆ ಬೋರ್‌ವೆಲ್ ನೀರಿನ ಮೇಲೂ ಅನುಮಾನ ಬಂದು, ಕೊನೆಯ ಸಲ ಜಾಲಿಸಲು ಕ್ಯಾನ್ ನೀರು ಎರಡು ಮೂರು ಲೀಟರು ಸುರಿದು ನೋಡಿದೆ. ಕೂದಲು ತುಸು ಮೆತ್ತಗಾಯಿತು ನಿಜ, ಆದರೆ ಗಾಳಿಯ ದಿಕ್ಕು ತಪ್ಪಿದ ದಿನ ಅದೂ ಉಳಿಸಲಿಲ್ಲ. ಟರ್ಕಿ ಟವೆಲ್ ಬಿಟ್ಟು ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆದದ್ದು ಅದಕ್ಕಿಂತ ಹೆಚ್ಚು ಫಲ ಕೊಟ್ಟಿತು, ಖರ್ಚೂ ಇಲ್ಲ. ಒಣಗಿಸುವ ಮೊದಲು ಹಚ್ಚುವ ಕ್ರೀಮಿಗೆ ನಾನು ಇನ್ನೊಂದನ್ನು ಬೆರೆಸುತ್ತೇನೆ, ಅದು ಏನೆಂದು ಕೇಳಬೇಡಿ.

ಮೊದಲು 35 ನಿಮಿಷಕ್ಕೆ 350 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಈಗ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ, 600 ಕೇಳುತ್ತೇನೆ, ಅವರು ಚೌಕಾಸಿ ಮಾಡುವುದಿಲ್ಲ. ಬೆವರದಿದ್ದರೆ ಮೂರು ದಿನ ನಿಲ್ಲುತ್ತದೆ. ತಲೆಗೆ ನೀರು ಬಿದ್ದರೆ ಅಥವಾ ಮಳೆಯ ದಿನವಾದರೆ ಆ ಮಾತಿಲ್ಲ.

ಕಳೆದ ತಿಂಗಳು ಒಬ್ಬ ಹುಡುಗಿ ಬಂದು ಕುಳಿತು, ಕನ್ನಡಿಯಲ್ಲಿ ತನ್ನ ಮುಖ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ಪಕ್ಕದ ಬೀದಿಯ ಅಕ್ಕನ ಸಹಾಯಕಿ ಎಂದು ಗುರುತು ಹಿಡಿದೆ. ಸುಮ್ಮನೆ ಮಾಡಿ ಮುಗಿಸಿ ಪೂರಾ 600 ತೆಗೆದುಕೊಂಡೆ. ಕ್ರೀಮಿನ ಬಟ್ಟಲನ್ನು ಮಾತ್ರ ಒಳಗೇ ಕಲಸಿಕೊಂಡು ತಂದಿದ್ದೆ.