ಕಾಫಿ ಕಣದ ಮೇಲೆ ಮಳೆ: ಒಂದೇ ದೃಶ್ಯಕ್ಕೆ ವೈಡ್‌ನಿಂದ ಎಕ್ಸ್‌ಟ್ರೀಮ್ ಕ್ಲೋಸಪ್‌ವರೆಗೆ

ಕೊಡಗಿನಲ್ಲಿ ಕ್ಯಾಮೆರಾ ಹಿಡಿದವರಿಗೆ ವೈಡ್ ಶಾಟ್ ತೀರಾ ಸುಲಭವಾಗಿ ಸಿಗುತ್ತದೆ, ತೊಂದರೆ ಅದೇ. ಬೆಳಿಗ್ಗೆ ಯಾವ ಕಡೆ ತಿರುಗಿಸಿದರೂ ಮಂಜು, ಬೆಟ್ಟ, ಸಿಲ್ವರ್ ಓಕ್ ಸಾಲು. ನೋಡಲು ಚೆಂದ, ಕಥೆಗೆ ಮಾತ್ರ ಅದರಿಂದ ಏನೂ ಸಿಗುವುದಿಲ್ಲ. ಸೋಮವಾರಪೇಟೆ ಹತ್ತಿರದ ತೋಟವೊಂದರಲ್ಲಿ ಕಿರುಚಿತ್ರ ಮಾಡುವಾಗ ಅಂಥ ಶಾಟ್‌ಗಳನ್ನೆಲ್ಲ ಪಟ್ಟಿಯಿಂದ ಮೊದಲೇ ಹೊಡೆದುಹಾಕಿದೆ. ಆ ಚಿತ್ರದ ಒಂದು ದೃಶ್ಯಕ್ಕೆ ಶಾಟ್‌ಗಳ ಅಳತೆ ಹೇಗೆ ಗೊತ್ತುಮಾಡಿದೆ ಎಂದು ಇಲ್ಲಿ ಹೇಳುತ್ತೇನೆ.

ದೃಶ್ಯ ಇಷ್ಟೇ. ಜನವರಿ ತಿಂಗಳು. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಮುಂದೆ ಸಿಮೆಂಟ್ ಕಣ, ಕಣದ ತುಂಬ ಒಣಗುತ್ತಿರುವ ರೋಬಸ್ಟಾ. ಇನ್ನೆರಡು ದಿನ ಬಿಸಿಲು ಸಿಕ್ಕಿದ್ದರೆ ಚೀಲಕ್ಕೆ ತುಂಬಬಹುದಿತ್ತು. ಅಷ್ಟರಲ್ಲಿ ಕಾಲವಲ್ಲದ ಕಾಲದ ಮಳೆ ಬರುತ್ತದೆ. ಒಣಗುತ್ತಾ ಬಂದ ಹಣ್ಣು ಮತ್ತೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬಿದ್ದುಹೋಗುತ್ತದೆ. ಸಾಲದ ಬಡ್ಡಿ ಕಟ್ಟಬೇಕಾದದ್ದು ಇದೇ ಕಾಫಿಯಿಂದ.

ಶಾಟ್ ಅಳತೆ ಎಂದರೆ ಲೆನ್ಸ್ ಅಳತೆಯಲ್ಲ. ಚೌಕಟ್ಟಿನೊಳಗೆ ಮನುಷ್ಯ ಎಷ್ಟು ಹಿಡಿಸಿದ್ದಾನೆ ಎನ್ನುವುದೇ ಲೆಕ್ಕ. ವೈಡ್‌ನಲ್ಲಿ ಜಾಗ ದೊಡ್ಡದು, ಮನುಷ್ಯ ಸಣ್ಣವನು. ಫುಲ್ ಶಾಟ್‌ನಲ್ಲಿ ತಲೆಯಿಂದ ಪಾದದವರೆಗೆ, ಮಿಡ್‌ನಲ್ಲಿ ಸೊಂಟದಿಂದ ಮೇಲೆ, ಕ್ಲೋಸಪ್‌ನಲ್ಲಿ ಮುಖ, ಎಕ್ಸ್‌ಟ್ರೀಮ್ ಕ್ಲೋಸಪ್‌ನಲ್ಲಿ ಕಣ್ಣೋ ಬೆರಳೋ, ಒಂದೇ ಒಂದು ತುಣುಕು. ಈ ಕ್ಷಣದಲ್ಲಿ ನೋಡುವವನಿಗೆ ಯಾವುದು ಗೊತ್ತಾಗಬೇಕು ಎಂದು ಕೇಳಿಕೊಂಡರೆ ಅಳತೆ ಹೆಚ್ಚುಕಮ್ಮಿ ತಾನೇ ನಿರ್ಧಾರವಾಗುತ್ತದೆ.

ದೃಶ್ಯ ಶುರುವಾಗುವುದು ಗಂಡ ಒಂದು ಹಿಡಿ ಕಾಫಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುವುದರಿಂದ. ಒಣಗಿದೆಯೋ ಇಲ್ಲವೋ ಎಂದು ನಮ್ಮಲ್ಲಿ ನೋಡುವುದು ಹಾಗೆಯೇ. ಸಿಪ್ಪೆಯೊಳಗೆ ಬೀಜ ಗಲಗಲ ಎನ್ನಬೇಕು. ಕ್ಯಾಮೆರಾ ಹಿಡಿದ ಹುಡುಗ ಮುಷ್ಟಿಯನ್ನೇ ಫ್ರೇಮ್ ತುಂಬ ತೆಗೆಯೋಣ ಎಂದ. ಬರೀ ಮುಷ್ಟಿ ಕಂಡರೆ ತೋಟ ಗೊತ್ತಿಲ್ಲದವರಿಗೆ ಅದು ಯಾರೋ ಏನೋ ಅಲ್ಲಾಡಿಸಿದಂತೆ ಅಷ್ಟೆ. ಮುಷ್ಟಿ, ಕಿವಿ, ಅರ್ಧ ಮುಚ್ಚಿದ ಕಣ್ಣು ಮೂರೂ ಒಟ್ಟಿಗೆ ಇದ್ದರೆ ಇವರು ಏನನ್ನೋ ಆಲಿಸುತ್ತಿದ್ದಾರೆ ಎಂದು ಮಾತಿಲ್ಲದೆ ತಿಳಿಯುತ್ತದೆ. ಹಾಗಾಗಿ ಕ್ಲೋಸಪ್. ಗಂಡನ ಪಾತ್ರ ಮಾಡಿದವರು ನಿವೃತ್ತ ಮೇಷ್ಟ್ರು. "ಮೇಷ್ಟ್ರೇ, ಕೈ ಒಂಚೂರು ಹಿಂದೆ ತನ್ನಿ, ಕೆನ್ನೆ ಮುಚ್ಚಿಹೋಗ್ತಿದೆ" ಎಂದಷ್ಟೇ ಹೇಳಬೇಕಾಯಿತು.

ಆಮೇಲೆ ಮಾತು. ಹೆಂಡತಿ ಮೋಡ ನೋಡಿ, "ಬೆಟ್ಟದ ಕಡೆ ಕಪ್ಪಾಗ್ತಾ ಉಂಟು, ರಾಶಿ ಮಾಡುವ" ಎನ್ನುತ್ತಾಳೆ. ಅವನು "ಜನವರೀಲಿ ಎಂಥ ಮಳೆ!" ಎಂದು ತಳ್ಳಿಹಾಕುತ್ತಾನೆ. ಇಂಥ ಕಡೆ ಒಬ್ಬರ ಮುಖ, ಇನ್ನೊಬ್ಬರ ಮುಖ ಎಂದು ಕ್ಲೋಸಪ್ ಬದಲಾಯಿಸುತ್ತಾ ಹೋಗುವುದು ಈಗಿನ ರೂಢಿ, ಧಾರಾವಾಹಿಗಳಲ್ಲಂತೂ ಕೇಳುವುದೇ ಬೇಡ. ನಾನು ಇಬ್ಬರನ್ನೂ ಒಂದೇ ಮಿಡ್ ಶಾಟ್‌ನಲ್ಲಿ ನಿಲ್ಲಿಸಿದೆ. ಅವಳು ಒಂದು ಹೆಜ್ಜೆ ಹತ್ತಿರ ಬರುವುದು, ಅವನು ಬೆನ್ನು ತಿರುಗಿಸುವುದು, ನಡುವಿನ ಅಂತರ, ಜಗಳವೆಲ್ಲ ಇರುವುದು ಅಲ್ಲೇ. ಮುಖಗಳನ್ನು ಬೇರೆ ಮಾಡಿದರೆ ಆ ಅಂತರವೇ ಮಾಯ. ಇನ್ನೊಂದು ಕಾರಣವೂ ಇತ್ತು: ಅವಳ ಕ್ಲೋಸಪ್ಪನ್ನು ಮುಂದಕ್ಕೆ ಉಳಿಸಿಕೊಳ್ಳಬೇಕಿತ್ತು. ಇಡೀ ಚಿತ್ರದಲ್ಲಿ ಅಲ್ಲಿಯವರೆಗೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ತೋರಿಸಿರಲಿಲ್ಲ.

ಮೊದಲ ಹನಿ ಬೀಳುವುದು ಎಕ್ಸ್‌ಟ್ರೀಮ್ ಕ್ಲೋಸಪ್. ಕಪ್ಪಗೆ ಸುಕ್ಕಾದ ಒಂದು ಕಾಫಿ ಹಣ್ಣು, ಅದರ ಮೇಲೆ ನೀರಿನ ಹನಿ. ಈ ಅಳತೆಯನ್ನು ದೃಶ್ಯದಲ್ಲಿ ಇದೊಂದೇ ಸಲ ಬಳಸಿದ್ದು. ಇಲ್ಲಿ ಲೆನ್ಸ್ ಆಯ್ಕೆ ಮುಖ್ಯ. ಮಾಮೂಲಿ 50 ಎಂಎಂ ಲೆನ್ಸ್‌ಗೆ ಅಷ್ಟು ಹತ್ತಿರ ಹೋದರೆ ಫೋಕಸ್ ಕೂರುವುದಿಲ್ಲ. ಮ್ಯಾಕ್ರೋ ಲೆನ್ಸ್ ಬೇಕು, ಇಲ್ಲವೇ ಲೆನ್ಸ್‌ಗೂ ಕ್ಯಾಮೆರಾಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಬೇಕು. ಅಪರ್ಚರ್ f/8 ಇಟ್ಟರೂ ಫೋಕಸ್ ಸಿಗುವುದು ಎರಡು ಮೂರು ಮಿಲಿಮೀಟರ್ ಆಳಕ್ಕೆ. ಕ್ಯಾಮೆರಾ ಕೈಯಲ್ಲಿ ಹಿಡಿದರೆ ಉಸಿರಾಟಕ್ಕೇ ಫೋಕಸ್ ತಪ್ಪುತ್ತದೆ, ಅದು ಸಣ್ಣ ಪರದೆಯಲ್ಲಿ ಗೊತ್ತೂ ಆಗುವುದಿಲ್ಲ. ಜೂಮ್ ಮಾಡಿ ಹಣ್ಣಿನ ಸುಕ್ಕಿನ ಗೆರೆ ಚೂಪಾಗಿದೆಯೇ ಎಂದು ನೋಡಿಯೇ ಮುಂದೆ ಹೋಗಬೇಕು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬಿಗಿದು, ಹಣ್ಣುಗಳನ್ನು ಒಂದು ತಟ್ಟೆಗೆ ಹಾಕಿ, ಆ ತಟ್ಟೆಯನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಹಿಡಿದೆವು.

ಬೀಳುವ ಹನಿ 1/50 ಶಟರ್‌ನಲ್ಲಿ ಬಿಳಿ ಗೀರಿನಂತೆ ಕಂಡಿತು. 1/200ಕ್ಕೆ ಏರಿಸಿದರೆ ಗೀರು ಗಿಡ್ಡವಾಗಿ ಹನಿಯಂತೆ ಕಾಣುತ್ತದೆ, ಆದರೆ ನಾಲ್ಕು ಪಟ್ಟು ಬೆಳಕು ಬೇಕು. ಮೋಡ ಕವಿದ ದಿನ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಎಕ್ಸ್‌ಟ್ರೀಮ್ ಕ್ಲೋಸಪ್‌ನ ಒಂದು ಅನುಕೂಲ ಇದು: ಅದರಲ್ಲಿ ಆಕಾಶವೇ ಕಾಣುವುದಿಲ್ಲ. ಆದ್ದರಿಂದ ಅದನ್ನು ಬೇರೆ ದಿನ, ಒಳ್ಳೆ ಬಿಸಿಲಿನಲ್ಲಿ, ಮೇಲೆ ಬಿಳಿ ಪಂಚೆ ಅಡ್ಡ ಕಟ್ಟಿ ತೆಗೆದೆವು. ಪಂಚೆ ನೆರಳಿನ ಅಂಚನ್ನು ಮೃದು ಮಾಡುತ್ತದೆ, ಮೋಡದ ಬೆಳಕಿನ ಜೊತೆ ಹೊಂದುತ್ತದೆ. ಹನಿ ಬಿದ್ದದ್ದು ಔಷಧಿ ಬಾಟಲಿಯ ಡ್ರಾಪರ್‌ನಿಂದ.

ಹನಿಯಿಂದ ನೇರ ವೈಡ್‌ಗೆ ಕಟ್. ಇಡೀ ದೃಶ್ಯಕ್ಕೆ ಜಾಗ ಪರಿಚಯಿಸುವ ವೈಡ್ ಮೊದಲೇ ಇಡಬೇಕು ಎನ್ನುವವರಿದ್ದಾರೆ. ಇಟ್ಟಿದ್ದರೆ ಅದು ಬರೀ ಅಂಗಳದ ಚಿತ್ರವಾಗುತ್ತಿತ್ತು. ಒಂದು ಹನಿ ನೋಡಿದ ಮೇಲೆ ಕಣ ಎಷ್ಟು ದೊಡ್ಡದು, ಕೈಗಳು ನಾಲ್ಕೇ ಎಂದು ಕಂಡಾಗ ಎದೆ ಧಸಕ್ಕೆನ್ನುತ್ತದೆ. ಕಣದಲ್ಲಿ ನಿಂತು, ಕಣ್ಣಿನ ಎತ್ತರದಲ್ಲಿ ತೆಗೆದರೆ ಅಷ್ಟಗಲದ ಕಾಫಿಯೂ ತೆಳ್ಳನೆ ಕಪ್ಪು ಪಟ್ಟಿಯಾಗಿಬಿಡುತ್ತದೆ. ಅದಕ್ಕೆ ಅಟ್ಟದ ಕಿಟಕಿಯಿಂದ ಕೆಳಮುಖವಾಗಿ ಇಟ್ಟೆ. ಕಪ್ಪು ಕಾಫಿಯ ನಡುವೆ ಕಳೆದುಹೋಗದಿರಲಿ ಎಂದು ಹೆಂಡತಿಯ ಪಾತ್ರ ಮಾಡಿದ ಅಕ್ಕನಿಗೆ ಹಳದಿ ಸೀರೆ ಉಡಿಸಿದೆವು. ಇನ್ನು ಮಳೆ: ಕ್ಯಾಮೆರಾ ಕಣ್ಣಿಗೆ ಸಣ್ಣ ಮಳೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ತೋಟದ ಮರಗಳ ನೆರಳು ಅಂಚಿನಲ್ಲಿ ಬರುವ ಹಾಗೆ ಕಿಟಕಿ ಆರಿಸಿಕೊಂಡದ್ದು ಅದಕ್ಕೇ. ಎಂಟು ಸೆಕೆಂಡು ಕತ್ತರಿಸದೆ ಬಿಟ್ಟೆ. ವೈಡ್‌ನಲ್ಲಿ ಕಣ್ಣಿಗೆ ಹುಡುಕಾಡಲು ಸಮಯ ಬೇಕು. ಮೂರು ಸೆಕೆಂಡಿಗೆ ಕತ್ತರಿಸಿದರೆ ಮೊಬೈಲ್‌ನಲ್ಲಿ ನೋಡುವವರಿಗೆ ಇಬ್ಬರು ಇದ್ದದ್ದೇ ತಿಳಿಯುವುದಿಲ್ಲ.

ಟಾರ್ಪಾಲ್ ಎಳೆಯುವುದೆಲ್ಲ ಫುಲ್ ಶಾಟ್. ಹಣ್ಣಿನ ಮೇಲೆ ಕಾಲು ಜಾರುವುದು, ಗಾಳಿಗೆ ತುದಿ ಹಾರುವುದು ಮಿಡ್‌ನಲ್ಲಿ ಸಿಗುವುದಿಲ್ಲ. ಒಂದೆರಡು ಕಡೆ ಇನ್ನಷ್ಟು ಹತ್ತಿರ ಹೋದಾಗ ತೊಡೆಯ ಮಧ್ಯಕ್ಕೆ ಕತ್ತರಿಸಿದೆ. ಮೊಣಕಾಲು, ಮಣಿಕಟ್ಟು, ಕುತ್ತಿಗೆ ಇಂಥ ಗಂಟುಗಳ ಮೇಲೇ ಚೌಕಟ್ಟಿನ ಅಂಚು ಬಂದರೆ ಅಂಗ ಕಡಿದಂತೆ ಕಾಣುತ್ತದೆ.

ಅರ್ಧ ಕಣ ಮುಚ್ಚುವಷ್ಟರಲ್ಲಿ ಮಳೆ ಜೋರಾಗುತ್ತದೆ. ಆಗ ಉಳಿಸಿಟ್ಟಿದ್ದ ಅವಳ ಕ್ಲೋಸಪ್, ಭುಜದ ಮೇಲ್ಭಾಗ ಸೇರಿಸಿ. ಎಡಿಟಿಂಗ್‌ನಲ್ಲಿ ಇದರ ಹಿಂದೆ ಅವಳದೇ ಮಿಡ್ ಶಾಟ್ ಇಟ್ಟು ನೋಡಿದೆ. ಎರಡೂ ಒಂದೇ ದಿಕ್ಕಿನಿಂದ ತೆಗೆದವು, ಅಳತೆಯಲ್ಲೂ ಹೆಚ್ಚು ವ್ಯತ್ಯಾಸವಿಲ್ಲ, ಚಿತ್ರ ಸುಮ್ಮನೆ ಮುಂದಕ್ಕೆ ಎಗರಿದಂತಾಯಿತು. ಅಳತೆ ಬದಲಿಸುವುದಾದರೆ ಎದ್ದು ಕಾಣುವಷ್ಟು ಬದಲಿಸಬೇಕು, ಇಲ್ಲವೇ ಕ್ಯಾಮೆರಾವನ್ನು ಕನಿಷ್ಠ 30 ಡಿಗ್ರಿಯಾದರೂ ಸರಿಸಬೇಕು. ಮಿಡ್ ತೆಗೆದು ಫುಲ್ ಶಾಟ್‌ನಿಂದಲೇ ಮುಖಕ್ಕೆ ಹಾರಿದೆ. ಗಂಡನಿಗೆ ಅಲ್ಲಿ ಕ್ಲೋಸಪ್ ಕೊಡಲಿಲ್ಲ. ಅವನು ಹಿಂದೆ ಮಸುಕಾಗಿ, ಟಾರ್ಪಾಲ್ ತುದಿ ಹಿಡಿದುಕೊಂಡೇ ನಿಂತಿರುತ್ತಾನೆ. ಅಲ್ಲಿ ನನಗೇಕೆ ಕ್ಲೋಸಪ್ ಇಲ್ಲ ಎಂದು ಮೇಷ್ಟ್ರು ಈಗಲೂ ಸಿಕ್ಕಾಗೆಲ್ಲ ಕೇಳುತ್ತಾರೆ.